ಒಂದೇ ಬ್ರ್ಯಾಕೆಟ್, ಎರಡು ಓದು: ಫಸ್ಟ್ ಆಂಗಲ್, ಥರ್ಡ್ ಆಂಗಲ್ ಮತ್ತು ಸೆಕ್ಷನ್ ಕುರಿತು ಟಿಪ್ಪಣಿ

೧. ವ್ಯಾಪ್ತಿ

ದೊಡ್ಡಬೆಳವಂಗಲ ದೊಡ್ಡಬಳ್ಳಾಪುರ ತಾಲೂಕಿನ ಹೋಬಳಿ ಕೇಂದ್ರ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಈ ಭಾಗದ ಹುಡುಗರಿಗೆ ಕೆಲಸದ ದಾರಿ ಸಾಮಾನ್ಯವಾಗಿ ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ ಅಥವಾ ಪೀಣ್ಯದ ಕಡೆಗೆ. ತರಗತಿಯಲ್ಲಿ ಅವರ ಕೈ ಹೆಚ್ಚಾಗಿ ಪಳಗಿರುವುದು ಫಸ್ಟ್ ಆಂಗಲ್ ಡ್ರಾಯಿಂಗಿಗೆ. ಶಾಪಿನಲ್ಲಿ ಕೈಗೆ ಬರುವ ಹಾಳೆ ಗಿರಾಕಿ ಯಾರೆಂಬುದರ ಮೇಲೆ ಫಸ್ಟ್ ಆಂಗಲ್ಲೂ ಆಗಿರಬಹುದು, ಥರ್ಡ್ ಆಂಗಲ್ಲೂ ಆಗಿರಬಹುದು. ಅಮೆರಿಕ ಮತ್ತು ಜಪಾನ್ ಮೂಲದ ಡ್ರಾಯಿಂಗ್‌ಗಳು ಸಾಮಾನ್ಯವಾಗಿ ಥರ್ಡ್ ಆಂಗಲ್‌ನಲ್ಲಿರುತ್ತವೆ, ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಮೂಲದವು ಫಸ್ಟ್ ಆಂಗಲ್‌ನಲ್ಲಿ.

ಎರಡು ವಿಧಾನಗಳ ವ್ಯಾಖ್ಯೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಈ ಟಿಪ್ಪಣಿಯ ಪ್ರಶ್ನೆ ಅದಕ್ಕಿಂತ ಕಿರಿದು. ಹಾಳೆ ಯಾವ ವಿಧಾನದ್ದೆಂಬ ಅನುಮಾನ ಬಂದಾಗ, ಅದರೊಳಗಿನ ಗೆರೆಗಳಿಂದಲೇ ಅದನ್ನು ಪತ್ತೆ ಮಾಡಲು ಸಾಧ್ಯವೇ? ಬಹುತೇಕ ಸಂದರ್ಭಗಳಲ್ಲಿ ಸಾಧ್ಯ ಎಂದು ತೋರುತ್ತದೆ. ಆದರೆ ಸೆಕ್ಷನ್ ನೋಟಗಳಲ್ಲಿ ಆ ಸಾಕ್ಷ್ಯ ಕೆಲವೊಮ್ಮೆ ಪೂರ್ತಿಯಾಗಿ ಅಳಿಸಿಹೋಗುತ್ತದೆ.

೨. ಮಾನಕಗಳ ಇಸವಿಗಳು

ಹಳೆಯ ಹಾಳೆ ಓದುವವರಿಗೆ ಇಸವಿ ಮುಖ್ಯ, ಏಕೆಂದರೆ ಭಾರತೀಯ ಮಾನಕದ ನಿಲುವು ಒಂದೇ ಆಗಿ ಉಳಿದಿಲ್ಲ. ಸಾಮಾನ್ಯ ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಸಂಬಂಧಿಸಿದ ಐಎಸ್ 696 ಮೊದಲು ಬಂದದ್ದು 1955ರಲ್ಲಿ, ಪರಿಷ್ಕಾರಗೊಂಡದ್ದು 1960ರಲ್ಲಿ. ಈ ಎರಡೂ ಆವೃತ್ತಿಗಳು ಥರ್ಡ್ ಆಂಗಲ್ ಅನ್ನು ಶಿಫಾರಸು ಮಾಡಿದ್ದವು. 1972ರ ಪರಿಷ್ಕರಣೆ ಆಯ್ಕೆಯನ್ನು ಬಳಸುವವರಿಗೇ ಬಿಟ್ಟಿತು. ಭಾರತೀಯ ಮಾನಕ ಸಂಸ್ಥೆ 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆದ ಮೇಲೆ, ಶಾಲೆ ಕಾಲೇಜುಗಳಿಗಾಗಿ ಹೊರತಂದ ಎಸ್‌ಪಿ 46:1988 ಫಸ್ಟ್ ಆಂಗಲ್ ಕಡೆಗೆ ಬಂತು. ಇಂದಿನ ಪಠ್ಯಕ್ರಮಗಳಲ್ಲಿ ಫಸ್ಟ್ ಆಂಗಲ್‌ಗೆ ಸಿಕ್ಕಿರುವ ಮೊದಲ ಸ್ಥಾನಕ್ಕೆ ಇದೇ ಮುಖ್ಯ ಕಾರಣವಿರಬೇಕು. ಆಮೇಲೆ ಬಂದ ಐಎಸ್ 15021ರ 2ನೇ ಭಾಗ (2001) ಅಂತರರಾಷ್ಟ್ರೀಯ ಐಎಸ್‌ಒ 5456-2ರ ಪಠ್ಯವನ್ನು ಅನುಸರಿಸಿ ಎರಡೂ ವಿಧಾನಗಳನ್ನು ವಿವರಿಸುತ್ತದೆ.

ಹೀಗಾಗಿ ‘ಭಾರತದ್ದು ಫಸ್ಟ್ ಆಂಗಲ್’ ಎಂಬ ಮಾತು 1988ರ ನಂತರದ ತರಗತಿಗಳ ಮಟ್ಟಿಗೆ ಸರಿ. 1960ರ ದಶಕದ ಒಂದು ಭಾರತೀಯ ಡ್ರಾಯಿಂಗ್‌ಗೆ ಅದನ್ನು ಹಾಗೇ ಅನ್ವಯಿಸುವುದು ಅಪಾಯಕರ. ಬೆಂಗಳೂರಿನಲ್ಲಿ ಈ ಮಿಶ್ರಣಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಹುದು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಮೊದಲ ತಾಂತ್ರಿಕ ನೆರವು ಸಿಕ್ಕಿದ್ದು ಅಮೆರಿಕನ್ನರಿಂದ, 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಎಚ್‌ಎಂಟಿಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ. ಎರಡು ಪದ್ಧತಿಗಳು ಒಂದೇ ನಗರಕ್ಕೆ ಬೇರೆ ಬೇರೆ ಬಾಗಿಲಿನಿಂದ ಬಂದಿರುವ ಸಾಧ್ಯತೆ ಇದೆ ಎನ್ನುವುದಕ್ಕಿಂತ ಹೆಚ್ಚಿನ ತೀರ್ಮಾನವನ್ನು ಇಷ್ಟರಿಂದ ಎಳೆಯಲಾಗದು.

೩. ಪರಿಶೀಲನೆಗೆ ತೆಗೆದುಕೊಂಡ ವಸ್ತು

ಮುಂದಿನ ಎಲ್ಲ ವಿವರಣೆಯೂ ಒಂದೇ ಬ್ರ್ಯಾಕೆಟ್ ಕುರಿತದ್ದು. ಓದುಗರು ಪೆನ್ಸಿಲ್ ಹಿಡಿದು ಬಿಡಿಸಿಕೊಂಡರೆ ಅನುಕೂಲ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ.

ತಳದ ಪ್ಲೇಟು ಎಡದಿಂದ ಬಲಕ್ಕೆ 90, ಮುಂದಿನಿಂದ ಹಿಂದಕ್ಕೆ 60, ದಪ್ಪ 12. ಅದರ ಎಡ ತುದಿಯಲ್ಲಿ 12 ದಪ್ಪದ ಗೋಡೆಯೊಂದು ನಿಂತಿದೆ. ಅಗಲ ಪೂರ್ತಿ 60, ತಳದಿಂದ ಎತ್ತರ 70. ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಗೋಡೆಗೂ ತಳಕ್ಕೂ ನಡುವೆ, ಸರಿಯಾಗಿ ಮಧ್ಯದಲ್ಲಿ, 8 ದಪ್ಪದ ತ್ರಿಕೋನಾಕಾರದ ರಿಬ್ ಇದೆ; ಗೋಡೆಯ ಮೇಲೆ 35, ತಳದ ಮೇಲೆ 35. ತಳದಲ್ಲಿ 11 ವ್ಯಾಸದ ತೂತು, ಬಲ ತುದಿಯಿಂದ 20 ಒಳಗೆ, ಮಧ್ಯರೇಖೆಯ ಮೇಲೆ. ಗೋಡೆಯಲ್ಲಿ 14 ವ್ಯಾಸದ ತೂತು, ತಳದಿಂದ 48 ಎತ್ತರದಲ್ಲಿ, ಮುಂದಿನ ಅಂಚಿನಿಂದ 15 ಒಳಗೆ. ಎರಡೂ ಆರ್‌ಪಾರ್ ತೂತುಗಳು.

ವಿಷಯವೆಲ್ಲ ಇರುವುದು ಕೊನೆಯ 15ರಲ್ಲಿ. ಅದೊಂದನ್ನು ಬಿಟ್ಟರೆ ಬ್ರ್ಯಾಕೆಟ್‌ನ ಮುಂದಿನ ಅರ್ಧ, ಹಿಂದಿನ ಅರ್ಧ ಒಂದೇ ತೆರ. ತೂತು ಮುಂದಿನ ಅಂಚಿನ ಬದಲು ಹಿಂದಿನ ಅಂಚಿನಿಂದ 15 ಒಳಗೆ ಬಿದ್ದರೆ ಸಿಗುವುದು ಎಡಗೈ ಪೀಸಿನ ಬದಲು ಬಲಗೈ ಪೀಸು. ಎಷ್ಟು ತಿರುಗಿಸಿದರೂ ಅದು ಮೂಲ ಬ್ರ್ಯಾಕೆಟ್ ಆಗದು.

೪. ನೋಟಗಳ ಜಾಗ

ನೋಡುವವನು, ವಸ್ತು, ನೋಟ ಮೂಡುವ ಸಮತಲ, ಈ ಮೂರರ ಅನುಕ್ರಮದಲ್ಲಿ ಎರಡು ವಿಧಾನಗಳ ವ್ಯತ್ಯಾಸವಿದೆ. ಫಸ್ಟ್ ಆಂಗಲ್‌ನಲ್ಲಿ ವಸ್ತು ನಡುವೆ ಇರುತ್ತದೆ, ಸಮತಲ ಅದರ ಆಚೆಗೆ. ಆದ್ದರಿಂದ ಎಡದಿಂದ ಕಂಡದ್ದು ಫ್ರಂಟ್ ವ್ಯೂನ ಬಲಕ್ಕೆ ಬೀಳುತ್ತದೆ, ಮೇಲಿನಿಂದ ಕಂಡದ್ದು ಕೆಳಕ್ಕೆ. ಥರ್ಡ್ ಆಂಗಲ್‌ನಲ್ಲಿ ಸಮತಲ ಕಿಟಕಿಯ ಗಾಜಿನಂತೆ ನೋಡುವವನಿಗೂ ವಸ್ತುವಿಗೂ ನಡುವೆ ಇರುತ್ತದೆ. ಎಡದಿಂದ ಕಂಡದ್ದು ಎಡಕ್ಕೇ, ಮೇಲಿನಿಂದ ಕಂಡದ್ದು ಮೇಲಕ್ಕೇ.

ಇಲ್ಲಿ ಪದೇ ಪದೇ ತಪ್ಪಾಗುವ ಒಂದು ಅಂಶವಿದೆ. ವಿಧಾನ ಬದಲಾದರೆ ನೋಟದ ಆಕಾರ ಬದಲಾಗುವುದಿಲ್ಲ, ಅದು ತಿರುಗಿಯೂ ಕೂರುವುದಿಲ್ಲ. ಜಾಗ ಮಾತ್ರ ಬದಲಾಗುತ್ತದೆ. ನಮ್ಮ ಬ್ರ್ಯಾಕೆಟ್‌ನ ಟಾಪ್ ವ್ಯೂ ಎರಡು ವಿಧಾನಗಳಲ್ಲೂ ಗೆರೆಗೆ ಗೆರೆ ಒಂದೇ, ಎರಡರಲ್ಲೂ ಬ್ರ್ಯಾಕೆಟ್‌ನ ಮುಂಭಾಗ ಆ ನೋಟದ ಕೆಳ ಅಂಚಿನಲ್ಲಿರುತ್ತದೆ. ಜಾಗ ಬದಲಾದ್ದರಿಂದ ಫ್ರಂಟ್ ವ್ಯೂಗೆ ಯಾವ ಅಂಚು ಹತ್ತಿರ ಎಂಬುದು ಬದಲಾಗುತ್ತದೆ. ಥರ್ಡ್ ಆಂಗಲ್‌ನಲ್ಲಿ ಟಾಪ್ ವ್ಯೂ ಆಗಲಿ ಸೈಡ್ ವ್ಯೂ ಆಗಲಿ, ಫ್ರಂಟ್ ವ್ಯೂಗೆ ಹತ್ತಿರವಿರುವ ಅಂಚು ವಸ್ತುವಿನ ಮುಂಭಾಗ. ಫಸ್ಟ್ ಆಂಗಲ್‌ನಲ್ಲಿ ದೂರದ ಅಂಚು ಮುಂಭಾಗ. ಕಲಿಯುವವರು ಒಂದೇ ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳುವುದು ಲೇಸು. ‘ಎಡದ್ದು ಬಲಕ್ಕೆ’ ಎಂಬ ಸೂತ್ರಕ್ಕಿಂತ ಕೆಲಸದಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

೫. ತಪ್ಪು ಓದಿನ ಫಲ

ಬ್ರ್ಯಾಕೆಟ್‌ನ ಡ್ರಾಯಿಂಗ್ ಫಸ್ಟ್ ಆಂಗಲ್‌ನಲ್ಲಿದೆ ಎಂದುಕೊಳ್ಳೋಣ. ಎಡದಿಂದ ನೋಡಿದ ಸೈಡ್ ವ್ಯೂ ಫ್ರಂಟ್ ವ್ಯೂನ ಬಲಕ್ಕಿದೆ. ಎಡದಲ್ಲಿ ನಿಂತು ನೋಡುವವನಿಗೆ ಬ್ರ್ಯಾಕೆಟ್‌ನ ಮುಂಭಾಗ ಬಲಗೈ ಕಡೆ ಇರುತ್ತದೆ. ಆದ್ದರಿಂದ ಆ ನೋಟದಲ್ಲಿ 14 ವ್ಯಾಸದ ತೂತು ಬಲ ಅಂಚಿನಿಂದ 15 ಒಳಗಿದೆ.

ಥರ್ಡ್ ಆಂಗಲ್ ರೂಢಿಯಾಗಿರುವ ಫಿಟ್ಟರ್ ಇದನ್ನು ಬೇರೆ ರೀತಿ ಓದುತ್ತಾನೆ. ನೋಟ ಬಲಕ್ಕಿದೆ, ಹಾಗಾದರೆ ಬಲದಿಂದ ನೋಡಿದ್ದು; ಬಲದಿಂದ ನೋಡುವವನಿಗೆ ಮುಂಭಾಗ ಎಡಗೈ ಕಡೆ; ಬಲ ಅಂಚು ಹಿಂಭಾಗ; ಆದ್ದರಿಂದ ತೂತು ಹಿಂದಿನಿಂದ 15. ಅವನ ತರ್ಕದ ಪ್ರತಿ ಮೆಟ್ಟಿಲೂ ಸರಿಯಾಗಿದೆ. ತಪ್ಪಿರುವುದು ಮೊದಲ ಮೆಟ್ಟಿಲಿನ ಆಧಾರ ಮಾತ್ರ.

ಹೀಗೆ ತಯಾರಾದ ಪೀಸನ್ನು ವರ್ನಿಯರ್ ಹಿಡಿದು ಅಳೆದರೆ ತಪ್ಪು ಕಾಣುವುದಿಲ್ಲ. 90, 60, 70, 48, 15, ಎಲ್ಲ ಅಳತೆಗಳೂ ಹಾಳೆಗೆ ತಾಳೆಯಾಗುತ್ತವೆ, ಏಕೆಂದರೆ ಕನ್ನಡಿ ಪ್ರತಿಯಲ್ಲಿ ಉದ್ದಗಳು ಬದಲಾಗುವುದಿಲ್ಲ. ಪರಿಶೀಲಿಸುವವರೂ ಹಾಳೆಯನ್ನು ಅದೇ ತಪ್ಪು ವಿಧಾನದಲ್ಲಿ ಓದಿದ್ದರೆ ಪೀಸು ಪಾಸ್ ಆಗುತ್ತದೆ. ದೋಷ ಬಯಲಾಗುವುದು ಜೋಡಣೆಯ ಹೊತ್ತಿಗೆ, ಪಿನ್ನು ಎದುರಿನ ತೂತಿಗೆ ಸಿಗದೆ 30 ಮಿಮೀ ಪಕ್ಕಕ್ಕೆ ನಿಂತಾಗ. 60 ಅಗಲದಲ್ಲಿ ಒಂದು ಕಡೆಯಿಂದ 15 ಇರಬೇಕಾದದ್ದು 45ಕ್ಕೆ ಹೋಗಿರುತ್ತದೆ.

೬. ಡ್ಯಾಶ್ ಗೆರೆಗಳ ಸಾಕ್ಷ್ಯ

ಅದೇ ಸೈಡ್ ವ್ಯೂನಲ್ಲಿ ಫಿಟ್ಟರ್ ಗಮನಿಸದೆ ಬಿಟ್ಟದ್ದೊಂದಿದೆ. ತಳದ ಪ್ಲೇಟಿನ ಮೇಲ್ಮೈಯನ್ನು ತೋರಿಸುವ, 12 ಎತ್ತರದ ಅಡ್ಡಗೆರೆ ಅಲ್ಲಿ ಡ್ಯಾಶ್ ಗೆರೆಯಾಗಿದೆ. ರಿಬ್‌ನ ಎರಡು ಲಂಬ ಗೆರೆಗಳೂ ಡ್ಯಾಶ್ ಗೆರೆಗಳೇ. ಅಂದರೆ ತಳವೂ ರಿಬ್ಬೂ ಗೋಡೆಯ ಮರೆಯಲ್ಲಿವೆ, ನೋಡುವವನು ಗೋಡೆಯ ಕಡೆ ನಿಂತಿದ್ದಾನೆ. ಫ್ರಂಟ್ ವ್ಯೂ ಪ್ರಕಾರ ಗೋಡೆ ಇರುವುದು ಎಡಕ್ಕೆ. ಹಾಗಾಗಿ ಇದು ಎಡದಿಂದ ನೋಡಿದ್ದು. ಎಡದ ನೋಟ ಬಲಕ್ಕೆ ಕೂತಿದೆ ಎಂದರೆ ಹಾಳೆ ಫಸ್ಟ್ ಆಂಗಲ್. ಬಲದಿಂದ ನೋಡಿದ್ದಾಗಿದ್ದರೆ ತಳದ ಅಂಚು ನೋಡುವವನಿಗೇ ಎದುರಾಗಿ, ಆ ಗೆರೆಗಳೆಲ್ಲ ಅಖಂಡ ಗೆರೆಗಳಾಗಬೇಕಿತ್ತು.

ಟಾಪ್ ವ್ಯೂನಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಫ್ರಂಟ್ ವ್ಯೂನ ಕೆಳಗಿರುವ ನೋಟದಲ್ಲಿ ಗೋಡೆ ಮತ್ತು ತಳ ಕೂಡುವ ಗೆರೆ, ರಿಬ್‌ನ 8 ಅಗಲದ ಪಟ್ಟಿ, ಎರಡೂ ಅಖಂಡ ಗೆರೆಯಲ್ಲಿದ್ದರೆ ಅದು ಮೇಲಿನಿಂದ ನೋಡಿದ್ದು, ಹಾಳೆ ಫಸ್ಟ್ ಆಂಗಲ್. ಅದೇ ಜಾಗದಲ್ಲಿ ಅವು ಡ್ಯಾಶ್ ಆಗಿದ್ದರೆ ನಾವು ನೋಡುತ್ತಿರುವುದು ಚಪ್ಪಟೆ ಅಡಿಭಾಗವನ್ನು, ಹಾಳೆ ಥರ್ಡ್ ಆಂಗಲ್. ಗೋಡೆಯ ತೂತಿನ ಗೆರೆಗಳು ಮಾತ್ರ ಇಲ್ಲಿ ಏನನ್ನೂ ಹೇಳುವುದಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ಅವು ಡ್ಯಾಶ್ ಗೆರೆಗಳೇ. ನೋಡುವ ದಿಕ್ಕು ತಿರುಗಿದಾಗ ಅಖಂಡದಿಂದ ಡ್ಯಾಶ್‌ಗೆ ಬದಲಾಗುವ ಗೆರೆಯನ್ನೇ ಸಾಕ್ಷಿಯಾಗಿ ಆರಿಸಿಕೊಳ್ಳಬೇಕು.

ಈ ಪರೀಕ್ಷೆಗೆ ಮಿತಿಗಳಿವೆ. ಮರೆಯ ಗೆರೆಗಳನ್ನು ಪೂರ್ತಿ ಬಿಟ್ಟು ಬರೆಯುವವರೂ ಉಂಟು. ಆಗ ‘ಇಲ್ಲ’ ಎಂಬುದನ್ನು ‘ಕಾಣುವುದಿಲ್ಲ’ ಎಂದು ಓದಬಹುದೇ ಎಂಬ ಅನುಮಾನ ಉಳಿಯುತ್ತದೆ. ಮುಂದೆ ಹಿಂದೆ, ಎಡ ಬಲ ಎಲ್ಲ ಒಂದೇ ಆಗಿರುವ ಬುಷ್, ವಾಷರ್‌ಗಳಲ್ಲಿ ಪರೀಕ್ಷೆ ನಡೆಯದು, ನಡೆಯಬೇಕಾದ ಅಗತ್ಯವೂ ಇಲ್ಲ.

೭. ಟೈಟಲ್ ಬ್ಲಾಕಿನ ಚಿಹ್ನೆ

ಮೊದಲು ಚಿಹ್ನೆ ನೋಡಬೇಕು ಎಂಬುದು ನಿರ್ವಿವಾದ. ತುದಿ ಕತ್ತರಿಸಿದ ಶಂಕುವಿನ ಎರಡು ನೋಟಗಳು ಆ ಚಿಹ್ನೆ: ಒಂದು ಕಡೆ ಇಳಿಜಾರಿನ ಆಕಾರ, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ‘ವೃತ್ತ ಬಲಕ್ಕಿದ್ದರೆ ಫಸ್ಟ್, ಎಡಕ್ಕಿದ್ದರೆ ಥರ್ಡ್’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಅಮೆರಿಕದ ಹಾಳೆಗಳಲ್ಲಿ ಥರ್ಡ್ ಆಂಗಲ್ ಚಿಹ್ನೆಯ ವೃತ್ತಗಳು ಬಲಕ್ಕೇ ಇರುವುದು ಸಾಮಾನ್ಯ, ಆದರೆ ಅಲ್ಲಿ ಶಂಕುವಿನ ಮುಖವೂ ತಿರುಗಿರುತ್ತದೆ.

ಎರಡು ವೃತ್ತಗಳೂ ಅಖಂಡ ಗೆರೆಯಲ್ಲಿವೆ ಎಂಬುದನ್ನು ಹಿಡಿದರೆ ಬಾಯಿಪಾಠ ಬೇಕಾಗದು. ದೊಡ್ಡ ಕಡೆಯಿಂದ ನೋಡಿದ್ದರೆ ಚಿಕ್ಕ ವೃತ್ತ ಮರೆಯಾಗಿ ಡ್ಯಾಶ್ ಆಗಬೇಕಿತ್ತು. ಹಾಗಾಗಿ ನೋಡಿದ್ದು ಚಿಕ್ಕ ತುದಿಯ ಕಡೆಯಿಂದ. ವೃತ್ತಗಳು ಚಿಕ್ಕ ತುದಿಯ ಪಕ್ಕದಲ್ಲಿದ್ದರೆ ನೋಟ ನೋಡಿದ ಕಡೆಯೇ ಕೂತಿದೆ, ಅದು ಥರ್ಡ್ ಆಂಗಲ್. ದೊಡ್ಡ ತುದಿಯ ಪಕ್ಕದಲ್ಲಿದ್ದರೆ ಆಚೆ ಬದಿಗೆ ಬಿದ್ದಿದೆ, ಅದು ಫಸ್ಟ್ ಆಂಗಲ್. ಆರನೇ ವಿಭಾಗದ ಪರೀಕ್ಷೆಯೇ ಇದು, ವಸ್ತು ಮಾತ್ರ ಬೇರೆ.

ಚಿಹ್ನೆಗೂ ನೋಟಗಳಿಗೂ ತಾಳೆಯಾಗದ ಹಾಳೆಗಳೂ ಇರುತ್ತವೆ. ಕಂಪ್ಯೂಟರಿನಲ್ಲಿ ಬರೆದ ಡ್ರಾಯಿಂಗ್‌ನಲ್ಲಿ ಟೈಟಲ್ ಬ್ಲಾಕ್ ಹಲವು ಸಲ ಒಂದು ಸಿದ್ಧ ಚಿತ್ರ, ನೋಟಗಳನ್ನು ಜೋಡಿಸುವುದು ಸಾಫ್ಟ್‌ವೇರಿನ ಬೇರೆಯೇ ಸೆಟ್ಟಿಂಗ್. ಆಟೊಕ್ಯಾಡ್‌ನಲ್ಲಿ ಮಾದರಿಯಿಂದ ನೋಟ ತೆಗೆಯುವಾಗ ಆ ಆಯ್ಕೆ `VIEWSTD` ಆಜ್ಞೆಯಡಿ ಸಿಗುತ್ತದೆ. ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುತ್ತದೆಂಬ ಖಾತ್ರಿ ಇಲ್ಲ. ಚಿಹ್ನೆ ಒಂದು ಹೇಳಿ ಡ್ಯಾಶ್ ಗೆರೆಗಳು ಇನ್ನೊಂದು ಹೇಳಿದರೆ ಗೆರೆಗಳ ಮಾತಿಗೇ ತೂಕ ಹೆಚ್ಚು ಎನ್ನಬಹುದು. ಆದರೂ ಲೋಹಕ್ಕೆ ಡ್ರಿಲ್ ಇಳಿಸುವ ಮುನ್ನ ಹಾಳೆ ಕಳಿಸಿದವರನ್ನು ಕೇಳುವುದೇ ಸರಿ.

೮. ಸೆಕ್ಷನ್ ಬಂದಾಗ

ಡ್ಯಾಶ್ ಗೆರೆಗಳ ಗೊಂದಲ ಕಡಿಮೆ ಮಾಡಲು ಡ್ರಾಫ್ಟ್ಸ್‌ಮನ್ ಸೈಡ್ ವ್ಯೂ ಬದಲಿಗೆ ಸೆಕ್ಷನ್ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಗೋಡೆಯ ದಪ್ಪದ ನಟ್ಟನಡುವೆ, ಎಡ ತುದಿಯಿಂದ 6 ಒಳಗೆ, ನೆಟ್ಟಗೆ ಕೊಯ್ಯುತ್ತಾನೆ. ಕೊಯ್ದ ಜಾಗದಲ್ಲಿ ಸಿಗುವುದು 60 ಅಗಲ, 70 ಎತ್ತರದ ಆಯತ. ಪೂರ್ತಿ ಹ್ಯಾಚಿಂಗ್, ಅದರೊಳಗೆ 14 ವ್ಯಾಸದ ತೂತು ಮಾತ್ರ ಖಾಲಿ.

ಸೆಕ್ಷನ್ ನೋಟದಲ್ಲಿ ಮರೆಯ ಗೆರೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕೊಯ್ದ ಮೇಲೆ ಬಲಕ್ಕೆ ನೋಡಿದರೆ ತಳವೂ ರಿಬ್ಬೂ ಗೋಡೆಯ ಹಿಂದೆ ಮರೆಯಾಗಿರುತ್ತವೆ, ಹಾಗಾಗಿ ಹಾಳೆಗೆ ಬರುವುದಿಲ್ಲ. ಎಡಕ್ಕೆ ನೋಡಿದರೆ ಅಲ್ಲಿರುವುದು ಉಳಿದ 6 ಮಿಮೀ ಗೋಡೆಯಷ್ಟೇ. ಎರಡು ದಿಕ್ಕಿನಲ್ಲೂ ಚಿತ್ರ ಒಂದೇ ಮಾದರಿ: ಹ್ಯಾಚ್ ಮಾಡಿದ ಆಯತ, ಒಂದು ತೂತು, ಒಂದು ಅಂಚಿನಿಂದ 15. ಆ ಅಂಚು ಮುಂದಿನದೋ ಹಿಂದಿನದೋ ಎಂದು ಹೇಳುವ ಒಂದು ಗೆರೆಯೂ ನೋಟದೊಳಗೆ ಉಳಿದಿಲ್ಲ.

ಈ ಕೊರತೆ ತುಂಬುವುದು ಫ್ರಂಟ್ ವ್ಯೂ ಮೇಲಿನ ಕೊಯ್ತದ ಗೆರೆ. ಅದು ಉದ್ದ ಗೆರೆ, ಚುಕ್ಕೆಗಳ ತೆಳು ಸರಪಳಿ. ಎರಡು ತುದಿಗಳಲ್ಲಿ ದಪ್ಪವಾಗಿ, ಅಲ್ಲೇ ಬಾಣ ಮತ್ತು A ಎಂಬ ಅಕ್ಷರ ಇರುತ್ತವೆ. ಬಾಣ ಹೇಳುವುದು ನೋಡುವ ದಿಕ್ಕನ್ನು. ಬಾಣ ಬಲಕ್ಕಿದ್ದರೆ ನೋಡುವವನು ಎಡದಲ್ಲಿ ನಿಂತು ಬಲಕ್ಕೆ ನೋಡುತ್ತಿದ್ದಾನೆ. ಆಗ ಅವನ ಬಲಗೈ ಕಡೆ, ಅಂದರೆ ನೋಟದ ಬಲ ಅಂಚು, ಬ್ರ್ಯಾಕೆಟ್‌ನ ಮುಂಭಾಗ. ಬಾಣ ಎಡಕ್ಕಿದ್ದರೆ ಮುಂಭಾಗ ನೋಟದ ಎಡ ಅಂಚಿಗೆ ಬರುತ್ತದೆ. ಇಷ್ಟನ್ನು ತೀರ್ಮಾನಿಸಲು ಹಾಳೆ ಯಾವ ಆಂಗಲ್‌ನದು ಎಂದು ತಿಳಿಯಬೇಕಾಗಿಲ್ಲ. A-A ಎಂದು ಹೆಸರಿಟ್ಟ ಸೆಕ್ಷನ್ ಅನ್ನು ಹಾಳೆಯಲ್ಲಿ ಬೇರೆಡೆ ಇಟ್ಟರೂ ಓದು ಕೆಡದಿರುವುದು ಇದರಿಂದಲೇ.

ಇದರ ಉಪಫಲವೊಂದಿದೆ. ಸೆಕ್ಷನ್ ಫ್ರಂಟ್ ವ್ಯೂನ ನೇರಕ್ಕೆ, ತನ್ನ ಸಹಜ ಜಾಗದಲ್ಲೇ ಇದ್ದರೆ, ಬಾಣಗಳು ಅದರ ಕಡೆಗೆ ಮುಖ ಮಾಡಿದ್ದಾಗ ಹಾಳೆ ಫಸ್ಟ್ ಆಂಗಲ್, ಅದಕ್ಕೆ ಬೆನ್ನು ಹಾಕಿದ್ದಾಗ ಥರ್ಡ್ ಆಂಗಲ್. ಜಾಗ ಬದಲಿಸಿಟ್ಟ ಸೆಕ್ಷನ್‌ಗೆ ಇದು ಅನ್ವಯಿಸದು. ಆದ್ದರಿಂದ ಇದನ್ನು ಪೂರಕ ಸಾಕ್ಷ್ಯವೆಂದಷ್ಟೇ ಗಣಿಸಬೇಕು. ಬಾಣವೇ ಇಲ್ಲದ ಕೊಯ್ತದ ಗೆರೆ, ಈ ಬ್ರ್ಯಾಕೆಟ್‌ನಂಥ ಭಾಗದಲ್ಲಿ, ಅಪೂರ್ಣ ಡ್ರಾಯಿಂಗ್.

೯. ಉದ್ದಕ್ಕೆ ಕೊಯ್ದಾಗ: ರಿಬ್‌ನ ವಿಚಾರ

ಇನ್ನೊಂದು ಕೊಯ್ತ, ಬ್ರ್ಯಾಕೆಟ್‌ನ ಮಧ್ಯರೇಖೆಯ ಮೇಲೆ, ಎಡದಿಂದ ಬಲಕ್ಕೆ. ಮುಂದಿನ ಅರ್ಧವನ್ನು ತೆಗೆದುಹಾಕಿ ಎದುರಿನಿಂದ ನೋಡಿದರೆ ಎಲ್ ಆಕಾರಕ್ಕೆ ಹ್ಯಾಚಿಂಗ್ ಬರುತ್ತದೆ. 14 ವ್ಯಾಸದ ತೂತು ಇಲ್ಲಿ ಕಾಣುವುದೇ ಇಲ್ಲ. ಅದಿದ್ದದ್ದು ತೆಗೆದುಹಾಕಿದ ಅರ್ಧದಲ್ಲಿ. ಸೆಕ್ಷನ್‌ನಲ್ಲಿ ತೂತಿಲ್ಲ ಎಂದ ಮಾತ್ರಕ್ಕೆ ಭಾಗದಲ್ಲಿ ತೂತಿಲ್ಲ ಎಂದು ಓದಬಾರದು.

ಹ್ಯಾಚಿಂಗ್ ಇಲ್ಲದ ಜಾಗಗಳು ಈ ನೋಟದಲ್ಲಿ ಎರಡು. ಒಂದು, ತಳದ 11 ವ್ಯಾಸದ ತೂತು. ಅದು ನಿಜವಾಗಿಯೂ ಖಾಲಿ. ಇನ್ನೊಂದು, ರಿಬ್‌ನ ತ್ರಿಕೋನ. ಅದು ಗಟ್ಟಿ ಲೋಹ. ಉದ್ದಕ್ಕೆ ಕೊಯ್ದ ರಿಬ್‌ಗೆ ಹ್ಯಾಚಿಂಗ್ ಹಾಕದಿರುವುದು ಭಾರತೀಯ ಮತ್ತು ಅಂತರರಾಷ್ಟ್ರೀಯ ಮಾನಕಗಳೆರಡರಲ್ಲೂ ಇರುವ ಪದ್ಧತಿ. ಶಾಫ್ಟ್, ಬೋಲ್ಟ್, ಕೀ, ಪಿನ್ನುಗಳಿಗೂ ಉದ್ದಕ್ಕೆ ಕೊಯ್ದಾಗ ಇದೇ ವಿನಾಯಿತಿ. ರಿಬ್‌ಗೆ ಹ್ಯಾಚಿಂಗ್ ಹಾಕಿದರೆ ಬ್ರ್ಯಾಕೆಟ್‌ನ ಒಳಮೂಲೆಯೆಲ್ಲ, ಪೂರ್ತಿ 60 ಅಗಲಕ್ಕೆ, ಗಟ್ಟಿ ಲೋಹವೇ ಎಂಬ ಭ್ರಮೆ ಹುಟ್ಟುತ್ತದೆ ಎಂಬುದು ಈ ಪದ್ಧತಿಯ ಹಿಂದಿನ ಕಾರಣ. ಅದೇ ರಿಬ್ ಅನ್ನು ಅಡ್ಡಕ್ಕೆ ಕೊಯ್ದರೆ ಹ್ಯಾಚಿಂಗ್ ಬರುತ್ತದೆ.

ಖಾಲಿ ಜಾಗವನ್ನೂ ಗಟ್ಟಿ ರಿಬ್ಬನ್ನೂ ಬೇರ್ಪಡಿಸಲು ಸೆಕ್ಷನ್ ಒಂದೇ ಸಾಲದು. ತೂತಿನ ನಡುವೆ ಸೆಂಟರ್ ಲೈನ್ ಹಾದುಹೋಗುತ್ತದೆ, ರಿಬ್‌ನ ತ್ರಿಕೋನದಲ್ಲಿ ಅದಿಲ್ಲ; ಇದು ಮೊದಲ ಸುಳಿವು. ಖಚಿತ ಉತ್ತರ ಟಾಪ್ ವ್ಯೂನಲ್ಲಿದೆ. ತೂತು ಅಲ್ಲಿ ವೃತ್ತ, ರಿಬ್ ಅಲ್ಲಿ ಗೋಡೆಯಿಂದ ಹೊರಟು 35 ಉದ್ದಕ್ಕೆ ಬಂದು ನಿಲ್ಲುವ 8 ಅಗಲದ ಪಟ್ಟಿ.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ರಿಬ್ ಅನ್ನು ಬಿಡಬೇಕೆಂದು ಬರೆಯುವವರೇ ಹೇಳಬೇಕು. ಹೇಳದಿದ್ದರೆ ಅದಕ್ಕೂ ಹ್ಯಾಚಿಂಗ್ ಬಿದ್ದಿರುತ್ತದೆ. ಆದ್ದರಿಂದ ಹ್ಯಾಚ್ ಆದ ತ್ರಿಕೋನ ಕಂಡಾಗಲೂ ಟಾಪ್ ವ್ಯೂಗೇ ಹೋಗಬೇಕು. ಅಲ್ಲಿ 8 ಅಗಲದ ಪಟ್ಟಿ ಇದ್ದರೆ ಅದು ರಿಬ್. ಪಟ್ಟಿಯಿಲ್ಲದೆ, ಗೋಡೆಯಿಂದ 35 ದೂರದಲ್ಲಿ ಒಂದೇ ಗೆರೆ ಅಂಚಿನಿಂದ ಅಂಚಿಗೆ ಪೂರ್ತಿ 60 ಹಾದುಹೋಗಿದ್ದರೆ ಅದು ರಿಬ್ ಅಲ್ಲ, ಇಳಿಜಾರಾದ ಇಡೀ ಗಟ್ಟಿ ಮೂಲೆ. ಆಗ ಹ್ಯಾಚಿಂಗ್ ಇರುವುದೇ ಸರಿ.